ರತ್ನಾಬಾಯಿ ಆಯಿ ಹಾಕಿದ ಅಕ್ಷತಾ

ಗಂಡನ ಹೆಸರು ಹೇಳಬಾರ್ದು ಅಂತಾರ. ಸಿಟ್ಟು ಬಂದ್ರ ನಾ ಹೇಳ್ತೀನಿ: ಮೈಲಾರಲಿಂಗ. ಅಕ್ಕಲಕೋಟದಾಗ ಫೋಟೊ ಸ್ಟುಡಿಯೊ ನಮ್ದು. ಕ್ಯಾಮೆರಾ ಹಿಡದ್ರ ಮನಷ್ಯಾ ಭಾಳ ಶಾಣ್ಯಾ. ಆದ್ರ ತನ್ನ ತಪ್ಪು ಒಪ್ಪಿಕೊಂಡದ್ದು ಹನ್ನೆರಡು ವರ್ಷದಾಗ ಒಮ್ಮಿನೂ ಇಲ್ಲ. ಲೆನ್ಸಿನ ಮುಚ್ಚಳ ತೆಗಿಲಾರ್ದ ಶೂಟಿಂಗ್ ಮಾಡಿ, "ಲೈಟ್ ಕಮ್ಮಿ ಇತ್ತು" ಅಂದವ್ರು!

ಮೊನ್ನೆ ಸೊಲ್ಲಾಪುರದಾಗ ಒಂದು ಅಂಗಡಿಕಾರರ ಮನಿ ಲಗ್ನ. ಮದುಮಗಳು ರೂಪಾಲಿ, ತಾಯಿ ಇಲ್ಲದ ಕೂಸು. ಸಾಕಿದಾಕಿ ಅಜ್ಜಿ, ರತ್ನಾಬಾಯಿ ಆಯಿ. ಆಯಿ ಕಾಲು ಮುರಕೊಂಡು ಸ್ಟೇಜಿನ ಹಿಂದಿನ ಖೋಲ್ಯಾಗ ಮಂಚ ಹಿಡದಿದ್ಳು. "ಮಂದಿ ಅಕ್ಷತಾ ಹಾಕೋ ಹೊತ್ತಿಗೇ ನಾನೂ ಹಾಕಬೇಕು. ಹಿಂದೂ ಇಲ್ಲ, ಮುಂದೂ ಇಲ್ಲ" ಅಂತ ಹಟ.

"ಅದೇನ್ ದೊಡ್ಡದ್ರಿ" ಅಂದ್ರು ನಮ್ಮವ್ರು. ಕ್ಯಾಮೆರಾದಿಂದ ಉದ್ದ ವೈರ್ ಎಳದು ಚಿತ್ರಾನ್ನ ಲ್ಯಾಪ್‌ಟಾಪಿಗೆ ಮುಟ್ಟಸೋ ಕ್ಯಾಪ್ಚರ್ ಕಾರ್ಡಿಗೆ ಚುಚ್ಚಿ, ಕಾರ್ಡನ್ನ ಲ್ಯಾಪ್‌ಟಾಪಿಗೆ ಹಚ್ಚಿ, ನನ್ನನ್ನ ಆಯಿ ಬಾಜೂಕ ಕೂಡಿಸಿ ಹೋದ್ರು.

ಎಂಟರಾಗ ಮೊದಲನೇ ಮಂಗಳಾಷ್ಟಕ ಮುಗೀತು. ಅಕ್ಷತಾ ಹಾಕ್ರಿ ಅನ್ನೋ "ಸಾವಧಾನ" ಗ್ವಾಡಿ ಆಚಿಂದ ಕೇಳಿಸ್ತು. ಸ್ಕ್ರೀನಿನಾಗ ನೋಡಿದ್ರ ಮಂದಿ ಇನ್ನೂ ಅಕ್ಕಿ ಮುಠ್ಠಿ ಹಿಡ್ಕೊಂಡು ನಿಂತಾರ! ಅವ್ರು ಕೈ ಎತ್ತಿದ್ದು ಕಂಡು ಆಯಿ ಹಾಕೋದ್ರಾಗ ಆಚಿಗೆ ಎರಡನೇದು ಸುರು ಆಗಿತ್ತು.

"ಏ ಸಾರಿಕಾ, ನಿನ್ನಿ ಲಗ್ನ ತೋರಸಾಕತ್ತಿಯೇನ?" ಆಯಿ ನನ್ನ ಕಡೆ ತಿರುಗಿದ್ಳು. "ನಮ್ಮ ಕೂಸಿಗೆ ನನ್ನ ಅಕ್ಕಿ ಒಂದೂ ಮುಟ್ಟಲಿಲ್ಲಲ್ಲೇ."

ನಾ ಕೂಡಲೇ ಫೋನ್ ಹಚ್ಚಿದೆ. ನಮ್ಮವ್ರು ಪಿಸುಗುಟ್ಟಿದ್ರು: "ಮಂತ್ರ ಹೇಳೋ ಸ್ವಾಮಿಗೋಳ ಅವಸರ ಮಾಡಾಕತ್ತಾರ, ನಂದೇನೂ ತಪ್ಪಿಲ್ಲ."

ಕರ್ಮ! ಟೇಬಲ್ ಬುಡಕ ಬಗ್ಗಿ ನೋಡಿದೆ. ಹಳೇ ಯುಎಸ್‌ಬಿ ಹಬ್ಬು. ಮೌಸು, ಹಾರ್ಡ್ ಡಿಸ್ಕು, ಕಾರ್ಡು, ಮೂರೂ ಅದರಾಗೇ ತುರುಕಿ ಚಿತ್ರಕ್ಕ ದಾರಿ ಇಕ್ಕಟ್ಟಾಗಿತ್ತು. ಮ್ಯಾಲ ಸಾಫ್ಟ್‌ವೇರಿನಾಗ ಬಫರಿಂಗ್ ಚಾಲೂ. ಅಂದ್ರ ಬಂದ ಚಿತ್ರ ಕೂಡಲೇ ತೋರಸೂದಿಲ್ಲ, ಒಂದಿಷ್ಟು ಕೂಡಿ ಹಾಕ್ಕೊಂಡು ಆಮ್ಯಾಲ ತೋರಸ್ತದ.

ಐದನೇ ಮಂಗಳಾಷ್ಟಕ ನಡದಿತ್ತು. ಕಾರ್ಡಿನ ವೈರ್ ಹಬ್ಬಿನಿಂದ ಕಿತ್ತೆ. ಸ್ಕ್ರೀನ್ ಕಪ್ಪಾತು.

"ಅಯ್ಯಯ್ಯ, ಲಗ್ನಾನೇ ಹೋತು!" ಆಯಿ ಚೀರಿದ್ಳು.

"ಸುಮ್ಕಿರ್ರಿ ಆಯಿ!" ಅಂದು ವೈರನ್ನ ಸೀದಾ ಲ್ಯಾಪ್‌ಟಾಪಿನ ಜಲ್ದಿ ಓಡೋ ನೀಲಿ ಪೋರ್ಟಿಗೆ ಚುಚ್ಚಿದೆ. ಬಫರಿಂಗ್ ಬಂದ್ ಮಾಡಿದೆ. ಆರು ಹೋತು. ಏಳೂ ಹೋತು. ಆಗ ಚಿತ್ರ ಬಂತು. ಸ್ವಾಮಿಗೋಳ ತುಟಿಗೂ ಗ್ವಾಡಿ ಆಚಿನ ಮಂತ್ರಕ್ಕೂ ಈಗ ಫರಕ್ ಗೊತ್ತಾಗಲಿಲ್ಲ.

"ಆಯಿ, ಇದ ಎಂಟನೇದು, ಕಡೀದು. ಮುಠ್ಠಿ ತುಂಬ ಹಿಡೀರಿ."

"ಸಾವಧಾನ!"

ಸ್ಕ್ರೀನಿನಾಗ ನೂರಾರು ಕೈ ಎದ್ವು, ಅವುಗಳ ಜೋಡಿ ಆಯಿ ಕೈನೂ. ಅಕ್ಕಿ ಕೀಬೋರ್ಡಿನ ತುಂಬ ಚೆಲ್ಲಿದ್ವು. ಅದ ಹೊತ್ತಿಗೆ ಸ್ಕ್ರೀನಿನಾಗ ರೂಪಾಲಿ ಕಣ್ಣು ಮುಚ್ಚಿ ಮಾರಿ ತಿರುವಿದ್ಳು.

ಆಯಿ ಬಾಯಿ ಮ್ಯಾಲ ಕೈ ಇಟ್ಕೊಂಡು ಅತ್ಲು, ನಕ್ಳು. "ಅಯ್ಯ ನನ ಕೂಸ, ಜೋರ್ ಹಾಕಿದೆನೇನ? ನನ್ನ ಅಕ್ಕಿ ಅಕಿ ಕಣ್ಣಾಗ ಹೋತು ನೋಡ!"

"ಹೌದ್ರಿ ಆಯಿ," ಅಂದೆ. "ನಿಮ್ಮವೇ."