ಹೆಸರಿಡಲು ಕುಳಿತ ಇಬ್ಬರು ಜಾಣರು

‘ಮನಿ ಮಹಾರಾಜ’ ಅನ್ನುವ ಹೆಸರು ಕೇಳಿದ ಕೂಡಲೇ ನನ್ನ ಮೈಯುರಿಯಿತು. ಹಾಗೆ ಹೆಸರಿಟ್ಟ ಪುಣ್ಯಾತ್ಮ ಸಂಶಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಮದುವೆ ವಿಡಿಯೊ ಮಾಡಿ ಮಾಡಿ ಬೇಸತ್ತು, ಮೊದಲ ಸಲ ಪಗಾರ ಎಣಿಸುವ ಹುಡುಗ ಹುಡುಗಿಯರಿಗೆ ದುಡ್ಡಿನ ವ್ಯವಹಾರ ತಿಳಿಸುವ ಪಾಡ್‌ಕಾಸ್ಟ್ ಮಾಡಬೇಕೆಂದು ಹೊರಟಿದ್ದ. ಒಳಕೋಣೆಯ ಗೋಡೆಗೆ ಧ್ವನಿ ಗುಂಯ್‌ಗುಡದಂತೆ ಹಳೆಯ ಗಾದಿಗಳನ್ನು ನಿಲ್ಲಿಸಿದ್ದ. ಮೈಕು ತಂದಿದ್ದ. ತಲೆಯೊಂದನ್ನು ತಂದಿರಲಿಲ್ಲ, ಅದಕ್ಕೇ ನನ್ನನ್ನು ಕರೆಸಿದ್ದ.

ನಾನು ನೂಲಿನ ಗಿರಣಿಯೊಂದರಲ್ಲಿ ಪಗಾರ ವಿಭಾಗದ ಕಾರಕೂನನಾಗಿದ್ದು ನಿವೃತ್ತನಾದವನು. ಪಿ.ಎಫ್., ಇ.ಎಸ್.ಐ. ಎಲ್ಲ ನನಗೆ ಬಾಯಿಪಾಠ. ಹಾಗಾಗಿ ಅವನ ಹೆಸರುಗಳನ್ನು ಕಸದ ಬುಟ್ಟಿಗೆ ಹಾಕುವ ಹಕ್ಕು ನನಗಿದೆ ಎಂದು ನಂಬಿದ್ದೆ.

“‘ದುಡ್ಡಿನ ಧಮಾಕಾ’ ಹೆಂಗ್ರಿ ಸರ್?” ಎಂದ.

“ಪಟಾಕಿ ಅಂಗಡಿಗೆ ಇಡಲೇ ಅದನ್ನ. ಇದನ್ನ ಕೇಳಿದವರು ದುಡ್ಡು ಡಬಲ್ ಮಾಡಿಕೊಡ್ತೀವಿ ಅಂತ ತಿಳಕೊಂಡು ಇಲ್ಲೇ ಬಂದು ಕುಂದರತಾರ.”

ಆಮೇಲೆ ನನ್ನ ಹೆಸರನ್ನು ಗಂಭೀರವಾಗಿ ಮುಂದಿಟ್ಟೆ: ‘ನೂತನ ವೇತನದಾರರ ವೈಯಕ್ತಿಕ ಹಣಕಾಸು ನಿರ್ವಹಣೆ.’ ಅವನು ಅದನ್ನು ಮುಖಪುಟದ ಚಿತ್ರದ ಮೇಲೆ ಬರೆದು ಮೊಬೈಲಿನಲ್ಲಿ ತೋರಿಸಿದ. ಉಗುರಿನಷ್ಟು ದೊಡ್ಡ ಚೌಕದಲ್ಲಿ ಇರುವೆ ಸಾಲು ಕಂಡಂತಿತ್ತು. ಪಾಡ್‌ಕಾಸ್ಟ್‌ಗಳ ಪಟ್ಟಿಯಲ್ಲಿ ‘ನೂತನ ವೇತನದಾರರ ವೈ’ ಅನ್ನುವಷ್ಟೇ ಕಂಡು, ಮುಂದೆ ಮೂರು ಚುಕ್ಕಿ.

“ಸರ್, ಇದು ಪಾಡ್‌ಕಾಸ್ಟ್ ಅಲ್ರಿ, ಸರ್ಕಾರಿ ಸುತ್ತೋಲಿ,” ಎಂದು ಹಲ್ಲು ಕಿರಿದ. ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಯರಗುಪ್ಪಿಯಿಂದ ತಾಯಿ ಮಗಳು ಫೋಟೊ ತೆಗೆಸಲು ಬಂದರು. ಮಗಳು ಎರಡು ತಿಂಗಳ ಹಿಂದೆ ಬಟ್ಟೆ ಹೊಲಿಯುವ ಕಾರ್ಖಾನೆಯೊಂದಕ್ಕೆ ಸೇರಿದ್ದಳಂತೆ. ಇ.ಎಸ್.ಐ. ಕಾರ್ಡಿಗೆ ಮನೆಯವರ ಫೋಟೊ ಬೇಕೆಂದು ಕಂಪನಿಯವರು ಹೇಳಿದ್ದರು. ಮನೆಯವರೆಂದರೆ ಇವರಿಬ್ಬರೇ. ಮಗಳು ನೀಲಿ ಪರದೆಯ ಮುಂದೆ ಕುಳಿತಳು. ತಾಯಿ ಕೂರಲೊಲ್ಲಳು.

“ಫೋಟೊ ಯಾಕ ಬೇಕ? ಈ ತಿಂಗಳಾ ಕಡೀ, ಆಮ್ಯಾಲೆ ಇಕಿನ್ನ ಕೆಲಸಕ್ಕ ಕಳಸೂದಿಲ್ಲ,” ಎಂದಳು.

“ಯಾಕ್ರೀ ಅವ್ವಾರ?” ಎಂದ ಸ್ಟುಡಿಯೊದವನು.

“ಹದಿನೈದು ಸಾವಿರ ಅಂದಿದ್ರು. ಇಕಿ ಹದಿಮೂರ ತಂದು ನನ್ನ ಉಡ್ಯಾಗ ಹಾಕ್ಯಾಳ. ಉಳಿದ ಪಗಾರ ಎಲ್ಲಿ ಹೋತಂತ ಕೇಳಿದ್ರ, ಕಂಪನ್ಯಾಗ ಹಿಡದಾರಂತಾಳ. ಯಾಕ ಹಿಡದಾರ ಅಂದ್ರ ಬಾಯಿ ಬಿಡೂದಿಲ್ಲ. ಕಂಪನಿ ಕಳ್ಳದೋ, ಇಕಿ ಕಳ್ಳಿಯೋ?”

ಹುಡುಗಿ ತಲೆ ತಗ್ಗಿಸಿದಳು. “ನನಗೂ ಗೊತ್ತಿಲ್ಲಬೇ,” ಎಂದಳು. ಆ ಮಾತಿನಲ್ಲಿ ಅಳು ಇತ್ತು. ನೌಕರಿ ಬಿಡುವುದಕ್ಕಿಂತ ಕಳ್ಳಿ ಅನ್ನಿಸಿಕೊಂಡದ್ದು ಅವಳಿಗೆ ತಾಗಿತ್ತು.

ಪಗಾರದ ಚೀಟಿ ಕೇಳಿದೆ. ಅವಳು ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟಳು. ಪಿ.ಎಫ್. ಸಾವಿರದ ಎಂಟುನೂರು, ಇ.ಎಸ್.ಐ. ನೂರಾ ಹದಿಮೂರು. ಕಳವು ಎಲ್ಲಿಯೂ ಇರಲಿಲ್ಲ.

“ಈ ಸಾವಿರದ ಎಂಟುನೂರು ಇಕಿ ಹೆಸರಿಗೇ ಜಮಾ ಆಗೇತ್ರಿ. ಕಂಪನೀನೂ ತನ್ನ ಪಾಲು ಹಾಕತೈತಿ. ಮುಂದ ಇಕಿಗೇ ಬರತೈತಿ,” ಎಂದೆ. “ಈ ನೂರಾ ಹದಿಮೂರು ದವಾಖಾನಿಗೆ. ಇಕಿ ದುಡಿಮಿ ಮ್ಯಾಲ ಇರೋ ನಿಮಗೂ ಅದರಾಗ ಔಷಧ ಐತಿ. ಅದಕ್ಕ ನಿಮ್ಮನ್ನೂ ಫೋಟೊಕ್ಕ ಕರದಾರ.”

ತಾಯಿ ಬಹಳ ಹೊತ್ತು ಚೀಟಿ ನೋಡಿದಳು. ಓದು ಬರುತ್ತಿರಲಿಲ್ಲ, ಆದರೂ ನೋಡಿದಳು. ಆಮೇಲೆ ಹೋಗಿ ಮಗಳ ಬಾಜು ಕುಳಿತು, ಅವಳ ತಲೆಗೂದಲು ಸರಿಮಾಡಿದಳು. ಫೋಟೊ ಆಯಿತು.

ಸ್ಟುಡಿಯೊದವನು ನನ್ನ ಕಡೆ ನೋಡಿದ. ನಾನೂ ನೋಡಿದೆ. ನಮ್ಮಿಬ್ಬರ ಜಾಣತನಕ್ಕೆ ಸಿಗದ ಹೆಸರನ್ನು ಆಕೆ ಬೈಯುತ್ತಲೇ ಹೇಳಿ ಮುಗಿಸಿದ್ದಳು. ಅವನು ‘ಉಳಿದ ಪಗಾರ ಎಲ್ಲಿ ಹೋತು?’ ಎಂದು ಮೊಬೈಲಿನಲ್ಲಿ ಒತ್ತಿ ಹುಡುಕಿದ. ಆ ಹೆಸರಿನ ಪಾಡ್‌ಕಾಸ್ಟ್ ಬೇರೆ ಯಾವುದೂ ಇರಲಿಲ್ಲ. ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ಬರೆದರೆ ದೂರದಿಂದಲೂ ಓದಬಹುದಿತ್ತು. ಹೊಸದಾಗಿ ನೌಕರಿಗೆ ಸೇರಿದವರಿಗೆ ಅನ್ನುವ ಮಾತನ್ನು ಕೆಳಗಿನ ವಿವರಣೆಗೆ ಹಾಕಿದೆವು.

ಹೆಮ್ಮೆ ತಡೆಯಲಾಗದೆ ತಾಯಿಗೂ ಹೇಳಿದೆ. “ಅವ್ವಾರ, ನೀವು ಕೇಳಿದ ಮಾತನ್ನ ನಮ್ಮ ಕಾರ್ಯಕ್ರಮಕ್ಕ ಹೆಸರಿಡಾಕತ್ತೀವ್ರಿ. ನಾ ಗಿರಣ್ಯಾಗ ಇಪ್ಪತ್ತಾರು ವರ್ಷ ಇಂಥಾ ಚೀಟಿನ ಬರದೇನ್ರಿ.”

“ಇಪ್ಪತ್ತಾರು ವರ್ಷ?” ಎಂದಳು ಆಕೆ, ಸೆರಗು ಹೊದ್ದುಕೊಳ್ಳುತ್ತ. “ಆವಾಗೂ ಹುಡುಗೂರು ಬಂದು ಹಿಂಗ ಕೇಳತಿದ್ರಲ್ರಿ ಸಾಹೇಬ್ರ. ಅವರಿಗೇನ ಹೇಳತಿದ್ರಿ?”

ಗಿರಣಿಯಲ್ಲಿ ಪಗಾರದ ಕಿಟಕಿಯ ಆಚೆ ಹೊಸ ಹುಡುಗರು ಚೀಟಿ ಹಿಡಿದು ನಿಂತಾಗ, ತಲೆಯೆತ್ತದೆ ನಾನು ಹೇಳುತ್ತಿದ್ದುದು ಒಂದೇ ಮಾತು: “ಅದರಾಗ ಬರದೈತಿ, ಓದ್ಕೋ ಹೋಗು.”