ಕೇಳದೆ ಹಾಕಿದ ಗುರುತು

ಚೀನಾದ ಮ್ಯಾಂಡರಿನ್ ಭಾಷೆ ಕಲಿಸುವ ಮೇಷ್ಟ್ರದ್ದು ಇಪ್ಪತ್ತು ವರ್ಷದಿಂದ ಒಂದೇ ಮಂತ್ರ: "ಮೊದಲು ಕಿವಿ, ಆಮೇಲೆ ಪೆನ್ನು." ಕಿವಿಗೊಡದೆ ಬರೆದವರಿಗೆ ತರಗತಿಯಲ್ಲೇ ಮಂಗಳಾರತಿ ಆಗುತ್ತಿತ್ತು.

ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೂರುವ ಹೆಂಗಸು ಅವರ ಹೊಸ ವಿದ್ಯಾರ್ಥಿನಿ. ಒಂದು ಬೆಳಿಗ್ಗೆ ಅವಳಿಂದ ಒಂದು ವಾಯ್ಸ್ ನೋಟ್ ಬಂತು, ಕೆಳಗೆ ಎರಡು ಸಾಲು: "ಅತಿಥಿಯೊಬ್ರು ಹೇಳ್ಕೊಟ್ಟ ನಮಸ್ಕಾರ ಇದು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸ್ವರದ ಏರಿಳಿತದ ಗುರುತು ಹಾಕಿಕೊಡ್ತೀರಾ ಮೇಷ್ಟ್ರೇ?"

ಮೇಷ್ಟ್ರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ನಮಸ್ಕಾರ ಅಂದರೆ ಇನ್ನೇನಿರುತ್ತದೆ? ಎಡಗೈಯಲ್ಲೇ ಒತ್ತಿ ಕಳಿಸಿದರು: "nǐ hǎo. ಎರಡಕ್ಕೂ ಮೂರನೇ ಸ್ವರದ ಗುರುತು. ಹೇಳುವಾಗ ಮಾತ್ರ ಮೊದಲನೆಯದನ್ನು ಎರಡನೇ ಸ್ವರದ ಹಾಗೆ ಏರಿಸಿ."

ಸಂಜೆ ತರಗತಿಯಲ್ಲಿ ಅವಳು ನೋಟ್‌ಬುಕ್ ತೆರೆದಳು. ಪುಟದ ತುಂಬ nǐ hǎo.

"ಮೇಷ್ಟ್ರೇ, ನಾನು ಹೇಳಿದ್ದು ಮೂರು ತುಂಡು, ನೀವು ಬರೆದಿದ್ದು ಎರಡು. ನನ್ನ ನಾಲಿಗೆ ಅಷ್ಟು ಕೆಟ್ಟದಾಗಿ ತಿರುಗುತ್ತಾ? ಮಧ್ಯಾಹ್ನವೆಲ್ಲ ತಿದ್ದಿಕೊಂಡೆ."

ಮೇಷ್ಟ್ರು ಫೋನ್ ತೆಗೆದು ಬೆಳಗಿನ ವಾಯ್ಸ್ ನೋಟ್ ಒತ್ತಿದರು. ಅಳುಕುತ್ತಲೇ, ಆದರೆ ಒಂದು ಸ್ವರವೂ ತಪ್ಪದೆ, ಅವಳ ದನಿ ಹೇಳಿತು: "Lǎoshī hǎo."

ಅಂದರೆ, ಮೇಷ್ಟ್ರೇ, ನಮಸ್ಕಾರ. lǎo, shī, hǎo: ಮೂರೇ ತುಂಡು.

ಅವಳ ಕೈಯಲ್ಲೂ ಫೋನಿತ್ತು. ಆ ಕಡೆಯವರು ಕೇಳಿದ ಮೇಲಷ್ಟೇ ನೀಲಿಯಾಗುವ ಆ ಪುಟ್ಟ ಮೈಕಿನ ಚಿತ್ರ ಅದರಲ್ಲಿ ಈಗ ನೀಲಿಯಾಯಿತು. ಅವಳು ಅದನ್ನು ನೋಡಿದಳು. ಮೇಷ್ಟ್ರನ್ನು ನೋಡಲಿಲ್ಲ. ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದಳು.

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆನ್ನ ಹಿಂದೆ ಕಪ್ಪುಹಲಗೆಯ ಮೇಲೆ ಅವರದೇ ಅಕ್ಷರ: ಮೊದಲು ಕಿವಿ.