ಗೆರೆ ಅಳಿಸುವ ಟ್ಯೂಬು

ಔಷಧಿ ಅಂಗಡಿಯ ಅಕ್ಕ ಎರಡು ಹೆತ್ತವಳು. ಹೊಟ್ಟೆಯ ಮೇಲಿನ ಗೆರೆಗಳಿಗೆಂದು ಅಂಗಡಿಯ ಎಣ್ಣೆ, ಕ್ರೀಮುಗಳನ್ನೆಲ್ಲ ತಾನೇ ಹಚ್ಚಿ ಸೋತಿದ್ದಳು. ಆದರೂ ಗಿರಾಕಿಗಳು ಕೇಳಿದರೆ ಬಾಟಲಿಯ ಮೇಲೆ ಬರೆದದ್ದನ್ನೇ ಹೇಳಿ ಮಾರುತ್ತಿದ್ದಳು. ಆಮೇಲೆ ದಿನವಿಡೀ ಕಸಿವಿಸಿ.

ಆ ದಿನ ಏಳು ತಿಂಗಳ ಬಸುರಿಯೊಬ್ಬಳು ಖಾಲಿ ಟ್ಯೂಬೊಂದನ್ನು ಮುಂದಿಟ್ಟಳು.

"ಅಕ್ಕಾ, ನೀವು ಕೊಟ್ಟ ಎಣ್ಣೆಯಿಂದ ಏನೂ ಆಗ್ಲಿಲ್ಲ. ಬಾಣಂತನ ಮುಗಿದ್ಮೇಲೆ ನಾದಿನಿ ಇದನ್ನ ಹಚ್ಚಿದ್ಲಂತೆ. ಇದೇ ಕೊಡಿ."

ಟ್ಯೂಬಿನ ಮೇಲೆ 'ಟ್ರೆಟಿನಾಯಿನ್' ಎಂದು ಓದಿದ ಅಕ್ಕ ಅದನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು.

"ಹಚ್ಕೊಂಡ್ಯಾ?"

"ಇಲ್ಲ, ಇವತ್ತಿಂದ ಶುರು ಮಾಡೋಣ ಅಂತ."

"ಸದ್ಯ! ಬಸುರಿಯರು ಇದನ್ನ ಮುಟ್ಲೇಬಾರದು ಕಣಮ್ಮ, ಹೊಟ್ಟೆಯಲ್ಲಿರೋ ಮಗುವಿಗೆ ತೊಂದರೆ ಆಗ್ಬಹುದು."

"ಹಾಗಾದ್ರೆ ಗೆರೆ ಯಾವುದ್ರಿಂದ ಹೋಗುತ್ತೆ?"

"ಒಳಗಿನ ಚರ್ಮ ಹರಿದ ಗುರುತು ಅದು, ಎಣ್ಣೆ ಹಚ್ಚಿದ್ರೆ ಅಳಿಸಲ್ಲ. ತುರಿಕೆ, ಒಣಗೋದು ಕಮ್ಮಿಯಾಗುತ್ತೆ, ಅಷ್ಟೇ. ಕೆಂಪು ಬಣ್ಣ ತಿಂಗಳುಗಟ್ಟಲೆ ಕಳೆದ್ಮೇಲೆ ತಾನೇ ಮಾಸುತ್ತೆ."

"ಮತ್ತೆ ಹೋದ ತಿಂಗಳು ಹೋಗೇ ಹೋಗುತ್ತೆ ಅಂದ್ರಿ?"

"ಬಾಟಲಿ ಹೇಳಿದ್ದನ್ನ ನಾನೂ ಹೇಳ್ದೆ. ನನ್ನವು ಹತ್ತು ವರ್ಷದಿಂದ ಜಪ್ಪಯ್ಯ ಅಂದ್ರೂ ಅಲ್ಲಾಡಿಲ್ಲ."

ಬಸುರಿ ನಕ್ಕು, ತುರಿಕೆಗೆಂದು ಚಿಕ್ಕ ಬಾಟಲಿ ಎಣ್ಣೆ ಮಾತ್ರ ಕೊಂಡು ಹೋದಳು. ಅಕ್ಕನಿಗೆ ನಗು ಬರಲಿಲ್ಲ. ಎಣ್ಣೆಯಿಂದ ಗೆರೆ ಹೋಗಲಿಲ್ಲವೆಂದು ಇನ್ನೆಷ್ಟು ಮಂದಿ ಇಂಥ ಟ್ಯೂಬು ಹುಡುಕುತ್ತಿರಬಹುದೋ ಎಂದು, ಅವಳು ಬೀದಿಯಲ್ಲಿ ಹೋಗುವ ಪ್ರತಿ ಬಸುರಿಯನ್ನೂ ನೋಡತೊಡಗಿದಳು.